ಕೈಸಾಲ 6 ಲಕ್ಷ, ಕೊಟ್ಟಿದ್ದಕ್ಕೆ ಬ್ಯಾಂಕ್ ದಾಖಲೆಯೂ ಇದೆ, ಆದರೂ ಕೇಸು ನಿಲ್ಲಲ್ಲ ಅಂತಾರೆ. ಯಾಕೆ?

ಡೊಂಬಿವಲಿ ಮಗಳು (ಫೆಬ್ರವರಿ 2026)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ 74. ಇಲ್ಲೇ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದವರು. 2018ರಲ್ಲಿ ಕೈಗೆ ಬಂದ ಹಣದಲ್ಲಿ 6 ಲಕ್ಷವನ್ನು ಊರ ಕಡೆಯ ಒಬ್ಬರಿಗೆ ಕೈಸಾಲ ಕೊಟ್ಟರು. ಅವರನ್ನು ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆದದ್ದು. ಅವರಿಗೆ ಕಲ್ಯಾಣದಲ್ಲಿ ಕೇಟರಿಂಗ್ ವ್ಯವಹಾರ. ಅಪ್ಪ ಚೆಕ್ಕಿನಲ್ಲೇ ಕೊಟ್ಟದ್ದು. ಪಾಸ್‌ಬುಕ್‌ನಲ್ಲಿ 22 ಜೂನ್ 2018ಕ್ಕೆ ಹಣ ಹೋದದ್ದು ಕಾಣುತ್ತದೆ. ಪತ್ರ ಏನೂ ಬರೆಸಿಕೊಳ್ಳಲಿಲ್ಲ. "ನೀನು ಕೇಳಿದಾಗ ಕೊಡ್ತೇನೆ ಅಣ್ಣ" ಅಂದಿದ್ದರಂತೆ, ಅಷ್ಟೇ.

ಪ್ರತಿ ವರ್ಷ ಕೇಳುವುದು, ಅವರು ಗಣಪತಿ ಹಬ್ಬ ಕಳೀಲಿ, ದೀಪಾವಳಿ ಕಳೀಲಿ ಅನ್ನುವುದು. ಸಾಲ ಇಲ್ಲ ಅಂತ ಒಂದು ದಿನವೂ ಅಂದಿಲ್ಲ. ಕಳೆದ ವಾರ ವಕೀಲರ ಹತ್ತಿರ ಹೋದರೆ, ತಾರೀಕು ಕೇಳಿದವರೇ ಫೈಲು ಮುಚ್ಚಿ "ಟೈಮ್ ಬಾರ್ ಆಗಿದೆ, ದಾವೆ ಹಾಕುವ ಅವಧಿ ಮುಗಿದಿದೆ" ಅಂದರು. ಸಾಲ ನಿಜ, ಹಣ ಹೋದದ್ದು ನಿಜ, ತೆಗೆದುಕೊಂಡವರೂ ಒಪ್ಪುತ್ತಾರೆ. ಹಾಗಿದ್ದ ಮೇಲೆ ಕೋರ್ಟಿಗೆ ಏನು ತೊಂದರೆ?

ಮಾಟುಂಗದ ಮಾರಾಯ

ಅಕ್ಕ, ಹೆದರಬೇಡಿ ಮಾರಾಯ್ರೆ. ನಿಮ್ಮ ವಕೀಲರು ಸರಿಯಾಗಿ ನೋಡಿಲ್ಲ ಅಂತ ಕಾಣ್ತದೆ. "ಕೇಳಿದಾಗ ಕೊಡ್ತೇನೆ" ಅಂದ ಸಾಲ ಅಲ್ವಾ? ಹಾಗಾದ್ರೆ ಕೇಳಿದ ದಿನದಿಂದ ಮೂರು ವರ್ಷ. ಇವತ್ತೇ ಒಂದು ಲೀಗಲ್ ನೋಟಿಸು ಕಳಿಸಿ, ಅಲ್ಲಿಂದ ಹೊಸ ಮೂರು ವರ್ಷ ಶುರು. ಅದೂ ಆಗದಿದ್ರೆ ತಡ ಆದದ್ದಕ್ಕೆ ಕ್ಷಮೆ ಕೇಳಿ ಅರ್ಜಿ ಹಾಕಿದ್ರೆ ಕೋರ್ಟು ಮಾಫಿ ಮಾಡ್ತದೆ. ನಮ್ಮ ಹೋಟೆಲಿನ ಅಪೀಲಿಗೆ ಹಾಗೆಯೇ ಮಾಡಿದ್ದು, 40 ದಿನ ತಡ ಆಗಿತ್ತು, ಜಡ್ಜ್ ಒಪ್ಪಿದ್ರು.

ಪುಣೆ ಬಾಡಿಗೆದಾರ

ನಂದೂ ಹಿಂಗs ಐತ್ರಿ. ಕೋಥ್ರೂಡದಾಗ ಬಾಡಿಗಿ ಇದ್ದೆ, ಡಿಪಾಜಿಟ್ 80 ಸಾವಿರ ಮಾಲಕ ಕೊಟ್ಟಿಲ್ಲ. ಮನಿ ಬಿಟ್ಟು ಎರಡು ವರ್ಷ ಆತು. ಫೋನ್ ಎತ್ತೂದಿಲ್ಲ. ನಾನೂ ನೋಟಿಸು ಕಳಿಸಿದ್ರ ಸಾಕಲ್ರಿ?

ಹಳೇ ಶಿರಸ್ತೇದಾರ

ಠಾಣೆ ಜಿಲ್ಲೆಯ ಸಿವಿಲ್ ಕೋರ್ಟುಗಳಲ್ಲಿ ದಾವೆ ಅರ್ಜಿಗಳನ್ನು ಪರಿಶೀಲಿಸುವ ಟೇಬಲ್ಲಿನಲ್ಲಿ ಬಹಳ ವರ್ಷ ಕೂತವನು ನಾನು. ಒಂದೊಂದಾಗಿ ಹೇಳುತ್ತೇನೆ.

ಮಾಟುಂಗದವರು ಹೇಳಿದ್ದು ಕೇಳಲು ಚೆನ್ನಾಗಿದೆ, ಈ ಕೇಸಿಗೆ ಹೊಂದುವುದಿಲ್ಲ. ಕಾಲಮಿತಿಯ ಕಾಯ್ದೆ 1963ರದ್ದು. ಅದರ ಕೊನೆಗೆ ಒಂದು ಪಟ್ಟಿ ಇದೆ. ಯಾವ ಬಗೆಯ ದಾವೆಗೆ ಎಷ್ಟು ವರ್ಷ, ಯಾವ ದಿನದಿಂದ ಎಣಿಕೆ ಅಂತ. "ಕೇಳಿದಾಗ ಕೊಡುವ" ಕೈಸಾಲಕ್ಕೂ ಎಣಿಕೆ ಶುರುವಾಗುವುದು ಸಾಲ ಕೊಟ್ಟ ದಿನದಿಂದಲೇ, ಕೇಳಿದ ದಿನದಿಂದ ಅಲ್ಲ. ಕಾನೂನು ಯೋಚಿಸುವ ರೀತಿ ಹೀಗೆ: ಕೇಳುವ ಹಕ್ಕು ಕೊಟ್ಟ ಕ್ಷಣದಿಂದಲೇ ನಿಮಗಿತ್ತು, ಕೇಳದೆ ಕೂತದ್ದು ನಿಮ್ಮ ಇಷ್ಟ. ಚೆಕ್ಕಿನಲ್ಲಿ ಕೊಟ್ಟ ಸಾಲಕ್ಕೆ ಚೆಕ್ಕು ಪಾಸಾದ ದಿನದಿಂದ. ಅಂದರೆ 22 ಜೂನ್ 2018. ಕೇಳಿದ ದಿನದಿಂದ ಎಣಿಸುವುದು ಠೇವಣಿಗೆ, ಅಂದರೆ ನಂಬಿ ಇಡಲು ಕೊಟ್ಟ ಹಣಕ್ಕೆ. ಎರಡನ್ನೂ ಜನ ಬೆರೆಸಿಬಿಡುತ್ತಾರೆ, ಕೆಲವು ವಕೀಲರೂ.

ನೋಟಿಸು ಗಡಿಯಾರವನ್ನು ನಿಲ್ಲಿಸುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಸರ್ಕಾರದ ಮೇಲೆ ದಾವೆ ಹಾಕುವ ಮುನ್ನ ಎರಡು ತಿಂಗಳ ನೋಟಿಸು ಕಡ್ಡಾಯ, ಆ ಎರಡು ತಿಂಗಳನ್ನು ಎಣಿಕೆಯಿಂದ ಕಳೆಯುತ್ತಾರೆ. ಸ್ನೇಹಿತನಿಗೆ ಕಳಿಸಿದ ನೋಟಿಸಿಗೆ ಆ ಭಾಗ್ಯ ಇಲ್ಲ. ದಾವೆ ಅರ್ಜಿ ಕೋರ್ಟಿನ ಕೌಂಟರಿನಲ್ಲಿ ದಾಖಲಾದ ದಿನ ಮಾತ್ರ ಲೆಕ್ಕಕ್ಕೆ.

ಇನ್ನು ತಡ ಮಾಫಿ. ಅದು ಅಪೀಲಿಗೆ ಮತ್ತು ಅರ್ಜಿಗಳಿಗೆ. ನಿಮ್ಮ ಹೋಟೆಲಿನದು ಅಪೀಲು, ಆದ್ದರಿಂದ ಸಿಕ್ಕಿತು. ಮೂಲ ದಾವೆಗೆ ಆ ಸೆಕ್ಷನ್ 5 ಅನ್ವಯಿಸುವುದೇ ಇಲ್ಲ. ಒಂದು ದಿನ ತಡವಾದರೂ, ಆಸ್ಪತ್ರೆಯ ಐಸಿಯುನಲ್ಲಿ ಇದ್ದೆ ಅಂದರೂ, ಜಡ್ಜಿಗೆ ಮಾಫಿ ಮಾಡುವ ಅಧಿಕಾರವೇ ಇಲ್ಲ.

ಪುಣೆ ಬಾಡಿಗೆದಾರ

ನಂದು ಹೇಳ್ರಿ ಸರs.

ಹಳೇ ಶಿರಸ್ತೇದಾರ

ನಿಮಗಿನ್ನೂ ಸಮಯ ಇದೆ, ಆದರೆ ನೋಟಿಸು ಕಳಿಸಿ ನಿದ್ದೆ ಮಾಡಬೇಡಿ. ಅಗ್ರಿಮೆಂಟಿನಲ್ಲಿ ಡಿಪಾಜಿಟ್ ಯಾವಾಗ ಹಿಂದಿರುಗಿಸಬೇಕು ಅಂತ ಬರೆದಿದೆಯೋ ಅದರ ಮೇಲೆ ಎಣಿಕೆ. ಕೀಲಿ ಕೊಟ್ಟ ದಿನದಿಂದಲೇ ಮೂರು ವರ್ಷ ಅಂದುಕೊಂಡು ನಡೆಯಿರಿ, ಮೋಸ ಹೋಗುವುದಿಲ್ಲ.

ಲೆಕ್ಕದಮ್ಮ, ಮುಲುಂಡ್

ನನಗೆ ಒಂದು ಅರ್ಥವಾಗುತ್ತಿಲ್ಲ. ಎದುರಿನವರು ಕೋರ್ಟಿನಲ್ಲಿ ನಿಂತು "ಹೌದು ಸ್ವಾಮಿ, 6 ಲಕ್ಷ ತಗೊಂಡಿದ್ದೆ, ಕೊಟ್ಟಿಲ್ಲ" ಅಂದರೂ ಕೇಸು ವಜಾ ಆಗುತ್ತಾ? ಇದು ಸಾಲಗಾರನಿಗೆ ಬಹುಮಾನ ಕೊಟ್ಟ ಹಾಗಲ್ಲವೇ? ಎಂಟು ವರ್ಷ ಸುಳ್ಳು ಹೇಳಿ ಕಾಲ ತಳ್ಳಿದವನೇ ಗೆದ್ದ ಹಾಗಾಯಿತು.

ಹಳೇ ಶಿರಸ್ತೇದಾರ

ಹೌದು, ವಜಾ ಆಗುತ್ತದೆ. ಕಾಯ್ದೆಯ ಸೆಕ್ಷನ್ 3 ಪ್ರಕಾರ ಪ್ರತಿವಾದಿ ಅವಧಿಯ ಮಾತೇ ಎತ್ತದಿದ್ದರೂ ಕೋರ್ಟು ತಾನಾಗಿ ನೋಡಿ ವಜಾ ಮಾಡಬೇಕು. ಎದುರಿನವರು ಬಾಯಿಬಿಟ್ಟು ಒಪ್ಪಿದರೂ ಅಷ್ಟೇ.

ನನಗೂ ಮೊದಮೊದಲು ಇದು ಅನ್ಯಾಯ ಅನ್ನಿಸುತ್ತಿತ್ತು. ಒಂದು ದಿನ ಟೇಬಲ್ಲಿನ ಆಚೆ ಒಬ್ಬ ವಿಧವೆ ನಿಂತಿದ್ದರು. ಗಂಡ ಹದಿನೈದು ವರ್ಷದ ಹಿಂದೆ ತೆಗೆದ ಸಾಲ ಬಾಕಿ ಇದೆ ಅಂತ ಸಮನ್ಸ್ ಬಂದಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಸುರುಳಿ ಸುತ್ತಿಕೊಂಡ ಚೀಟಿಗಳು. ಕಿರಾಣಿ ಬಿಲ್ಲು, ಲೈಟ್ ಬಿಲ್ಲು, ಹಳೇ ರೈಲ್ವೆ ಪಾಸು. "ಇವರು ತೀರಿಸಿದ್ದರು ಸಾಹೇಬ್, ರಸೀದಿ ಇದರಲ್ಲೇ ಎಲ್ಲೋ ಇರಬೇಕು" ಅಂತ ನನ್ನ ಮೇಜಿನ ಮೇಲೆ ಸುರಿದರು. ಸಿಗಲಿಲ್ಲ. ಆಕೆಯನ್ನು ಉಳಿಸಿದ್ದು ಇದೇ ಕಾಯ್ದೆ. ಸಾಲ ತೀರಿಸಿದವನು ರಸೀದಿಯನ್ನು ಎಷ್ಟು ತಲೆಮಾರು ಜೋಪಾನ ಮಾಡಬೇಕು? ಕೋರ್ಟಿಗೆ ಒಳಗಿನ ಸತ್ಯ ಕಾಣುವುದಿಲ್ಲ. ಡೊಂಬಿವಲಿಯ ಅಪ್ಪನನ್ನು ಮತ್ತು ಆ ಹದಿನೈದು ವರ್ಷದ ಸಾಹುಕಾರನನ್ನು ಒಂದೇ ಅಳತೆಪಟ್ಟಿಯಿಂದ ಅಳೆಯುತ್ತದೆ.

ಇನ್ನೊಂದು ಮಾತು. ಅವಧಿ ಮೀರಿದರೆ ಸಾಲ ಸಾಯುವುದಿಲ್ಲ, ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ. ಆಮೇಲೆ ಅವರಾಗಿ ಕೊಟ್ಟರೆ ಇಟ್ಟುಕೊಳ್ಳಬಹುದು, ಅವಧಿ ಮೀರಿದ ಮೇಲೆ ಕೊಟ್ಟೆ ಅಂತ ವಾಪಸ್ ಕೇಳಲು ಅವರಿಗೆ ಬರುವುದಿಲ್ಲ. ಜಮೀನಿನ ವಿಷಯ ಬೇರೆ, ಅಲ್ಲಿ ಅವಧಿ ಮೀರಿದರೆ ಹಕ್ಕೇ ಹೋಗುತ್ತದೆ. ಅದು ಬೇರೆಯೇ ಕಥೆ.

ಮಡಗಾಂವ್ ಕಡೆಯವ

ನಾವು ಗೋವಾದಲ್ಲಿ ಇರುವವರಿಗೆ ಇದು ಇನ್ನೂ ಗೋಜಲು ಇತ್ತು. ಪೋರ್ಚುಗೀಸರ ಸಿವಿಲ್ ಕೋಡಿನಲ್ಲಿ ಅವಧಿಯ ಲೆಕ್ಕವೇ ಬೇರೆ, ವಿಮೋಚನೆ ಆದ ಮೇಲೂ ಎಷ್ಟೋ ವರ್ಷ ಇಲ್ಲಿನ ಕೋರ್ಟಿನಲ್ಲಿ ಅದೇ ನಡೆಯುತ್ತಿತ್ತು. 2001ರಲ್ಲಿ ಒಂದು ಬ್ಯಾಂಕ್ ಸಾಲದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇಲ್ಲೂ 1963ರ ಕಾಯ್ದೆಯೇ ಅಂತ ಹೇಳಿತು. ಊರಿನ ಹಿರಿಯರು ಈಗಲೂ "ನಮಗೆ ಬೇರೆ ಕಾನೂನು" ಅಂತ ಕೂತಿರುತ್ತಾರೆ. ಪ್ರಶ್ನೆಗೆ ಸಂಬಂಧ ಇಲ್ಲ, ನೆನಪಾಯಿತು ಬರೆದೆ.

ಡೊಂಬಿವಲಿ ಮಗಳು

ಶಿರಸ್ತೇದಾರ್ ಸರ್, ಅಂದರೆ ಜೂನ್ 2021ಕ್ಕೇ ಮುಗಿದು ಹೋಯಿತಾ? ಅದು ಕೊರೋನಾ ಸಮಯ. ಅಪ್ಪ ಆಗ ಮನೆಯಿಂದ ಹೊರಗೇ ಬಂದಿಲ್ಲ.

ಲೆಕ್ಕದಮ್ಮ, ಮುಲುಂಡ್

ಕೊರೋನಾಗೆ ಸುಪ್ರೀಂ ಕೋರ್ಟ್ ರಿಯಾಯಿತಿ ಕೊಟ್ಟಿತ್ತು ರೀ. 1 ಮಾರ್ಚ್ 2022ರಿಂದ 90 ದಿನ. ಅದೂ ಮುಗಿದು ಮೂರೂವರೆ ವರ್ಷ ಆಯಿತು.

ಹಳೇ ಶಿರಸ್ತೇದಾರ

ಲೆಕ್ಕದಮ್ಮನವರೇ, ಅರ್ಧ ಸರಿ. 2022ರ ಜನವರಿ ಆದೇಶದಲ್ಲಿ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಕಾಲವನ್ನು ಎಣಿಕೆಯಿಂದಲೇ ತೆಗೆದರು. 90 ದಿನ ಅನ್ನುವುದು ಕನಿಷ್ಠ. ಅದಕ್ಕಿಂತ ಹೆಚ್ಚು ಬಾಕಿ ಉಳಿದಿದ್ದವರಿಗೆ ಆ ಬಾಕಿಯೇ ಸಿಗುತ್ತದೆ.

ಈ ಸಾಲದಲ್ಲಿ ಗಡಿಯಾರ 22 ಜೂನ್ 2018ಕ್ಕೆ ಶುರು. ಲಾಕ್‌ಡೌನಿಗೆ ಮುಂಚೆ ಒಂದು ವರ್ಷ ಎಂಟು ತಿಂಗಳು ಚಿಲ್ಲರೆ ಓಡಿತ್ತು. ಅಲ್ಲಿ ನಿಂತಿತು. 716 ದಿನ ನಿಂತೇ ಇತ್ತು. 1 ಮಾರ್ಚ್ 2022ಕ್ಕೆ ಮತ್ತೆ ಓಡಿ 8 ಜೂನ್ 2023ಕ್ಕೆ ಮೂರು ವರ್ಷ ತುಂಬಿತು. ನಿಮ್ಮ ವಕೀಲರು ಇದನ್ನು ಕಳೆದೇ ನೋಡಿರುತ್ತಾರೆ. ಕಳೆದರೂ ಮುಗಿದೇ ಇದೆ.

ಆದರೆ ನೀವು ಅವರಿಗೆ ಎಲ್ಲಾ ಹೇಳಿದ್ದೀರಾ? ಈ ಎಂಟು ವರ್ಷದಲ್ಲಿ ಸಾಲ ತೆಗೆದುಕೊಂಡವರು ಒಂದು ರೂಪಾಯಿಯೂ ಕೊಟ್ಟಿಲ್ಲವೇ? ಏನೂ ಬರೆದುಕೊಟ್ಟಿಲ್ಲವೇ? ಅಪ್ಪನನ್ನು ಮತ್ತೊಮ್ಮೆ ಕೇಳಿ.

ಡೊಂಬಿವಲಿ ಮಗಳು

ಕೇಳಿದೆ ಸರ್. ನನಗೇ ಗೊತ್ತಿಲ್ಲದ್ದು ಹೊರಬಂತು.

2021ರಲ್ಲಿ ಎರಡು ಸಲ 25 ಸಾವಿರ ನಗದು ಕೊಟ್ಟಿದ್ದರಂತೆ. ಅಪ್ಪ ತಮ್ಮ ಡೈರಿಯಲ್ಲಿ ತಾರೀಕು ಸಮೇತ ಬರೆದುಕೊಂಡಿದ್ದಾರೆ. ಜನವರಿ 2023ರಲ್ಲಿ ವಾಟ್ಸಾಪ್ ಮೆಸೇಜ್ ಇದೆ, "ಬಾಕಿ ನೆನಪಿದೆ ಅಣ್ಣ, ಮೇ ಒಳಗೆ ಕೊಡ್ತೇನೆ" ಅಂತ. ಮತ್ತೆ ನವೆಂಬರ್ 2024ರಲ್ಲಿ ಇನ್ನೊಂದು ಅದೇ ಥರದ್ದು.

ಇದಲ್ಲದೆ ಒಂದು ಚೆಕ್ಕು. 40 ಸಾವಿರದ್ದು. ಅಮ್ಮನಿಗೆ ಚೆನ್ನಾಗಿ ನೆನಪಿದೆ, 2023ರ ಅಕ್ಷಯ ತೃತೀಯಕ್ಕೆ ಎರಡು ದಿನ ಮುಂಚೆ ಬಂದು, ಕಾಫಿ ಕುಡಿದು ಕೊಟ್ಟು ಹೋದರಂತೆ. ಆ ದುಡ್ಡಿನಲ್ಲಿ ಅಮ್ಮ ಓಲೆ ಕೊಳ್ಳೋಣ ಅಂದಿದ್ದಕ್ಕೆ ಅಪ್ಪ ಬೈದಿದ್ದರಂತೆ, ಅದಕ್ಕೇ ನೆನಪು. ಪಾಸ್‌ಬುಕ್‌ನಲ್ಲಿ ಏಪ್ರಿಲ್ ಕೊನೆಯ ವಾರ ಜಮಾ ಆಗಿದೆ. ವಕೀಲರ ಹತ್ತಿರ ಅಪ್ಪ ಇದು ಯಾವುದನ್ನೂ ಹೇಳಲಿಲ್ಲ. "ಅವನು ಸ್ವಲ್ಪ ಸ್ವಲ್ಪ ಕೊಟ್ಟಿದ್ದಾನೆ ಅಂದರೆ ನಮ್ಮ ಕೇಸೇ ವೀಕ್ ಆಗುತ್ತೆ" ಅಂತ ಅವರ ಲೆಕ್ಕ!

ಹಳೇ ಶಿರಸ್ತೇದಾರ

ನಿಮ್ಮ ತಂದೆಯವರು ಮುಚ್ಚಿಟ್ಟದ್ದೇ ಅವರ ಕೇಸು!

ಅವಧಿಯ ಒಳಗೆ ಸಾಲಗಾರ ಸ್ವಲ್ಪ ಹಣ ಕಟ್ಟಿದರೆ, ಕಟ್ಟಿದ ದಿನದಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಆದರೆ ಹಣ ಕಟ್ಟಿದ್ದಕ್ಕೆ ಅವನ ಕೈಬರಹ ಅಥವಾ ಅವನ ಸಹಿ ಇರುವ ಬರಹ ಬೇಕು. ಸೆಕ್ಷನ್ 19. ಅಪ್ಪನ ಡೈರಿ ಅಪ್ಪನ ಕೈಬರಹ, ಆದ್ದರಿಂದ ಆ 50 ಸಾವಿರ ಸಾಲದಿಂದ ಕಳೆಯುತ್ತದೆ, ಗಡಿಯಾರಕ್ಕೆ ಏನೂ ಮಾಡುವುದಿಲ್ಲ. ನಗದು ಕೊಟ್ಟಾಗ ಡೈರಿಯ ಅದೇ ಸಾಲಿನ ಪಕ್ಕದಲ್ಲಿ ಒಂದು ಸಹಿ ಹಾಕಿಸಿದ್ದರೆ ಕಥೆ ಬೇರೆ ಇತ್ತು.

ಚೆಕ್ಕು ಹಾಗಲ್ಲ. ಚೆಕ್ಕಿನ ಮೇಲೆ ಕೊಟ್ಟವನ ಸಹಿ ಇದ್ದೇ ಇರುತ್ತದೆ, ಆ ಚೆಕ್ಕೇ ಬರಹ. ಕೋರ್ಟುಗಳು ಇದನ್ನು ಒಪ್ಪುತ್ತಾ ಬಂದಿವೆ. ಅಕ್ಷಯ ತೃತೀಯ ಆ ವರ್ಷ 22 ಏಪ್ರಿಲ್, ಅಂದರೆ ಚೆಕ್ಕು 20 ಏಪ್ರಿಲ್ 2023ರದ್ದು. ನಮ್ಮ 8 ಜೂನ್ 2023ಕ್ಕೆ ಏಳು ವಾರ ಮುಂಚೆ. ಹಾಗಾದರೆ ಹೊಸ ಅವಧಿ 20 ಏಪ್ರಿಲ್ 2026ರವರೆಗೆ.

ಕೊರೋನಾ ರಿಯಾಯಿತಿ ಇಲ್ಲದಿದ್ದರೆ ಈ ಚೆಕ್ಕು 2021ರಲ್ಲೇ ಸತ್ತ ಸಾಲಕ್ಕೆ ಬಂದ ಹಣ ಆಗುತ್ತಿತ್ತು, ಪ್ರಯೋಜನವೇ ಇರುತ್ತಿರಲಿಲ್ಲ. ಗಡಿಯಾರ ನಿಲ್ಲುವ ಮುಂಚೆ ಕೀಲಿ ಕೊಡಬೇಕು, ನಿಂತ ಮೇಲೆ ಕೊಟ್ಟರೆ ಅಲ್ಲಾಡುವುದಿಲ್ಲ.

ಮಾಟುಂಗದ ಮಾರಾಯ

ಚೆಕ್ಕು ಬೌನ್ಸ್ ಆಯ್ತಾ ಅಕ್ಕ? ಆಗಿದ್ರೆ ಚೆಕ್ ಬೌನ್ಸಿನ 138ನೇ ಸೆಕ್ಷನ್ ಕೇಸು ಹಾಕಿ, ಜೈಲಿನ ಹೆದರಿಕೆಗೆ ಓಡಿ ಬರ್ತಾರೆ.

ಡೊಂಬಿವಲಿ ಮಗಳು

ಇಲ್ಲ ಅಣ್ಣ, ಪಾಸಾಯ್ತು. ಜಮಾ ಆಗಿದೆ ಅಂತ ಬರೆದಿದ್ದೆನಲ್ಲ.

ಮಾಟುಂಗದ ಮಾರಾಯ

ಓ ಸರಿ ಸರಿ. ಬೌನ್ಸ್ ಆಗಿದ್ರೆ ಒಳ್ಳೇದಿತ್ತು ಅಂತ ಹೇಳುವ ಕಾಲ ಬಂತು ನೋಡಿ. ಮತ್ತೆ ವಾಟ್ಸಾಪ್ ಮೆಸೇಜ್? ಅದರಲ್ಲಿ ಒಪ್ಪಿಕೊಂಡಿದ್ದಾನಲ್ಲ, ಅದು ಬರಹ ಅಲ್ವಾ?

ಹಳೇ ಶಿರಸ್ತೇದಾರ

ಸಾಲ ಇದೆ ಅಂತ ಬರೆದು ಸಹಿ ಹಾಕಿದರೂ ಹೊಸ ಮೂರು ವರ್ಷ ಸಿಗುತ್ತದೆ, ಅದು ಸೆಕ್ಷನ್ 18. ವಾಟ್ಸಾಪಿನಲ್ಲಿ ಸಹಿ ಎಲ್ಲಿದೆ ಅನ್ನುವುದೇ ಜಗಳ. ಎಲೆಕ್ಟ್ರಾನಿಕ್ ಬರಹಕ್ಕೆ ಮಾನ್ಯತೆ ಕೊಡುವ ಕಾನೂನು ಇದೆ, ಕೆಲವು ಕಡೆ ಈಮೇಲನ್ನು ಒಪ್ಪಿದ್ದಾರೆ, ಕೆಲವು ಕಡೆ ಸಹಿ ಇಲ್ಲ ಅಂತ ತಳ್ಳಿದ್ದಾರೆ. ನನ್ನ ಸಲಹೆ, ಅದನ್ನು ಅರ್ಜಿಯಲ್ಲಿ ಬರೆಯಿರಿ, ಅದನ್ನೇ ನಂಬಿ ಕೂರಬೇಡಿ. ಜನವರಿ 2023ರ ಮೆಸೇಜನ್ನು ಒಪ್ಪಿದರೂ ಅದರ ಮೂರು ವರ್ಷ ಕಳೆದ ತಿಂಗಳೇ ಮುಗಿಯಿತು. ನವೆಂಬರ್ 2024ರದ್ದು ಚೆಕ್ಕಿನಿಂದ ಸಿಕ್ಕ ಹೊಸ ಅವಧಿಯ ಒಳಗೆ ಬಂದಿದೆ. ಅದು ನಿಂತರೆ 2027ರವರೆಗೆ ಉಸಿರು ಸಿಗುತ್ತದೆ. ಆದರೆ ಅದನ್ನು ಒಪ್ಪುವ ಜಡ್ಜ್ ಸಿಕ್ಕರೆ.

ಲೆಕ್ಕದಮ್ಮ, ಮುಲುಂಡ್

ಹಾಗಾದರೆ ಅವರನ್ನು ಈಗಲೇ ಕರೆಸಿ ಒಂದು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡರೆ? ಸಾಲ ಒಪ್ಪುತ್ತಾರೆ ಅಂತ ಹೇಳಿದ್ದೀರಲ್ಲ. ಕೋರ್ಟು ಕಚೇರಿ ಯಾಕೆ?

ಹಳೇ ಶಿರಸ್ತೇದಾರ

ಒಳ್ಳೆಯ ಮಾತು, ಆದರೆ ಅದರಲ್ಲಿ ಬಳಸುವ ಪದ ಮುಖ್ಯ. ಅವಧಿಯ ಒಳಗೆ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಮಾಡಿದರೆ ಸಾಕು. ಅವಧಿ ಮುಗಿದ ಮೇಲೆ "ಬಾಕಿ ಇದೆ" ಅನ್ನುವುದಕ್ಕೆ ಬೆಲೆ ಇಲ್ಲ, "ಕೊಡುತ್ತೇನೆ" ಅಂತಲೇ ಸ್ಪಷ್ಟ ವಚನ ಬೇಕು, ಸಹಿ ಸಮೇತ. ಅದು ಕಾಲಮಿತಿ ಕಾಯ್ದೆಯಲ್ಲಿ ಇಲ್ಲ, ಕರಾರು ಕಾಯ್ದೆಯ 25ನೇ ಸೆಕ್ಷನಿನಲ್ಲಿ ಇದೆ. ಸತ್ತ ಸಾಲಕ್ಕೂ ಅದು ಹೊಸ ಕರಾರಿನ ಜೀವ ಕೊಡುತ್ತದೆ. ಏಪ್ರಿಲ್ 20ರ ಒಳಗೋ ಹೊರಗೋ ಅನ್ನುವ ಜಗಳವೇ ಬೇಡ ಅಂದರೆ ಎರಡನ್ನೂ ಒಂದೇ ಪತ್ರದಲ್ಲಿ ಬರೆಸಿ: 5 ಲಕ್ಷ 10 ಸಾವಿರ ಬಾಕಿ ಇದೆ, ಇಂಥ ತಾರೀಕಿನ ಒಳಗೆ ಕೊಡುತ್ತೇನೆ.

ಆದರೆ ಬರೆದುಕೊಡುವವರು ಸಾಮಾನ್ಯವಾಗಿ ವಕೀಲರನ್ನು ಕೇಳಿಯೇ ಬರೆಯುತ್ತಾರೆ, ವಕೀಲರು ಬೇಡ ಅನ್ನುತ್ತಾರೆ. ಮೂರು ಸಲ ನಾಳೆ ಅಂದರೆ ಏಪ್ರಿಲ್ ದಾಟುತ್ತದೆ.

ಡೊಂಬಿವಲಿ ಮಗಳು

ಅಪ್ಪ ನಿನ್ನೆ ಮಾವನಿಗೆ ಫೋನ್ ಮಾಡಿದರು. "ಅಣ್ಣ, ನನ್ನ ಮೇಲೆ ನಂಬಿಕೆ ಇಲ್ಲವಾ, ಪತ್ರ ಯಾಕೆ, ಮೇ ತಿಂಗಳಲ್ಲಿ ಮದುವೆ ಸೀಜನ್ ಮುಗಿದ ತಕ್ಷಣ ಕೊಡ್ತೇನೆ" ಅಂದರಂತೆ. ಮೇ!

ಪುಣೆ ಬಾಡಿಗೆದಾರ

ಮೇ ಅಂದ್ರ ಏಪ್ರಿಲ್ 20 ದಾಟಿ. ಆ ಮನಷ್ಯಾಗ ನಿಮಗಿಂತ ಚಲೋ ಕ್ಯಾಲೆಂಡರ್ ಗೊತ್ತೈತ್ರಿ.

ಮಡಗಾಂವ್ ಕಡೆಯವ

ಹಾಗೆ ಅಂದುಕೊಳ್ಳಬೇಕಿಲ್ಲ. ಕೇಟರಿಂಗಿನವರಿಗೆ ದುಡ್ಡು ಬರುವುದೇ ಮದುವೆ ಕಾಲದಲ್ಲಿ. ನಿಜವಾಗಿ ಕೊಡುವ ಮನಸ್ಸೂ ಇರಬಹುದು. ದಾವೆ ಹಾಕಿದರೆ ಇಷ್ಟು ವರ್ಷದ ಸಂಬಂಧ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಹಳೇ ಶಿರಸ್ತೇದಾರ

ಇರಬಹುದು. ದಾವೆ ಹಾಕಿದ ಮೇಲೂ ಅವರು ಮೇನಲ್ಲಿ ಕೊಡಬಹುದು, ಕೊಟ್ಟರೆ ರಾಜಿ ಅರ್ಜಿ ಹಾಕಿ ಮುಗಿಸಬಹುದು. ಏಪ್ರಿಲ್ ದಾಟಿದ ಮೇಲೆ ಕೊಡದಿದ್ದರೆ ಹಾಗೆ ಹಿಂದೆ ಹೋಗಲು ಬರುವುದಿಲ್ಲ.

ಡೊಂಬಿವಲಿಯವರೇ, ಈಗ ಎರಡು ಕೆಲಸ. ಆ 40 ಸಾವಿರದ ಚೆಕ್ಕಿನ ಚಿತ್ರಕ್ಕೆ ಅಪ್ಪನ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡಿ. ಈಗ ಚೆಕ್ಕು ಜಮಾ ಮಾಡಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಚಿತ್ರ ಮಾತ್ರ ಮುಂದೆ ಹೋಗುತ್ತದೆ. ಪಾಸ್‌ಬುಕ್ಕಿನ ಸಾಲು ಸಾಲದು, ಸಹಿ ಕಾಣಬೇಕು. ಎರಡನೆಯದು, ದಾವೆ ಅರ್ಜಿಯಲ್ಲೇ ಈ ಚೆಕ್ಕಿನ ವಿಷಯ, ತಾರೀಕು, ಅದರಿಂದ ಅವಧಿ ಹೇಗೆ ಬೆಳೆಯಿತು, ಎಲ್ಲ ಬರೆದಿರಬೇಕು. ಸಾಲ ಕೊಟ್ಟದ್ದು 2018 ಅಂತ ಮಾತ್ರ ಬರೆದು ಹಾಕಿದರೆ ಮೊದಲ ಪುಟ ನೋಡಿಯೇ ತಿರಸ್ಕರಿಸಿ ಅಂತ ಎದುರಿನ ವಕೀಲರು ಅರ್ಜಿ ಹಾಕುತ್ತಾರೆ. ಎಷ್ಟೋ ಒಳ್ಳೆಯ ಕೇಸುಗಳು ಈ ಒಂದು ಪ್ಯಾರಾ ಇಲ್ಲದೆ ಬಿದ್ದದ್ದನ್ನು ನೋಡಿದ್ದೇನೆ.

ಡೊಂಬಿವಲಿ ಮಗಳು (ಮಾರ್ಚ್ 2026)

ಎರಡು ವಾರ ಅಲೆದ ಮೇಲೆ ಚೆಕ್ಕಿನ ಚಿತ್ರ ಸಿಕ್ಕಿತು. ತಾರೀಕು 20 ಏಪ್ರಿಲ್ 2023, ಅಮ್ಮ ಹೇಳಿದ್ದೇ ಸರಿ. ಸಹಿ ಮಾವನದ್ದೇ. ಆದರೆ ಚೆಕ್ಕು ಅವರ ಸ್ವಂತ ಖಾತೆಯದ್ದಲ್ಲ, ಕೇಟರಿಂಗ್ ಹೆಸರಿನ ಖಾತೆಯದ್ದು. ಸಹಿಯ ಕೆಳಗೆ ಒಂದು ರಬ್ಬರ್ ಮೊಹರು, "ಪಾರ್ಟ್ನರ್" ಅಂತ. ಅಪ್ಪ 2018ರಲ್ಲಿ ಕೊಟ್ಟದ್ದು ಅವರ ಸ್ವಂತ ಹೆಸರಿಗೆ. ಇದರಿಂದ ತೊಂದರೆಯಾ ಸರ್?

ಹಳೇ ಶಿರಸ್ತೇದಾರ

ಅವರೊಬ್ಬರದ್ದೇ ವ್ಯವಹಾರ ಆಗಿದ್ದರೆ ಹೆಸರು ಬೇರೆ ಇದ್ದರೂ ಮನುಷ್ಯ ಒಬ್ಬನೇ, ಚಿಂತೆ ಇರಲಿಲ್ಲ. ಪಾಲುದಾರಿಕೆ ಅಂದ ಮೇಲೆ ಎದುರಿನವರು ಇದನ್ನೇ ಹಿಡಿಯುತ್ತಾರೆ: ಇದು ಸಂಸ್ಥೆಯ ಹಣ, ಸಂಸ್ಥೆಗೆ ನಿಮ್ಮ ಜೊತೆ ಬೇರೆ ಲೆಕ್ಕ ಇತ್ತು, ನನ್ನ ಸಾಲಕ್ಕೆ ಸಂಬಂಧ ಇಲ್ಲ. ಅಪ್ಪನಿಗೂ ಆ ಸಂಸ್ಥೆಗೂ ಬೇರೆ ಯಾವ ವ್ಯವಹಾರವೂ ಇರಲಿಲ್ಲ ಅಂತ ತೋರಿಸಬೇಕಾಗುತ್ತದೆ. ಜನವರಿಯ ವಾಟ್ಸಾಪಿನ "ಮೇ ಒಳಗೆ ಕೊಡ್ತೇನೆ", ಅದೇ ವರ್ಷದ ಏಪ್ರಿಲ್‌ನ ಚೆಕ್ಕು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಹಣ ಯಾವ ಸಾಲಕ್ಕೆ ಅಂತ ಕಾಣುತ್ತದೆ. ಆ ಮೆಸೇಜು ಗಡಿಯಾರ ತಿರುಗಿಸದಿದ್ದರೂ ಇಲ್ಲಿ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ. ನನ್ನ ಪ್ರಕಾರ ನಿಲ್ಲುವ ಕೇಸು, ಆದರೆ ಖಾತ್ರಿ ಅಂತ ಹೇಳಲಾರೆ.

ಲೆಕ್ಕದಮ್ಮ, ಮುಲುಂಡ್

ಫೋನ್ ಬದಲಾಯಿಸಬೇಡಿ ಅಂತ ಅಪ್ಪನಿಗೆ ಹೇಳಿ ತಾಯಿ. ನಮ್ಮ ಮನೆಯಲ್ಲಿ ಹಾಗೇ ಹೋಯಿತು ಒಂದು ಲೆಕ್ಕ.

ಡೊಂಬಿವಲಿ ಮಗಳು

ಹೇಳಿದ್ದೇನೆ ಅಮ್ಮ. ವಕೀಲರು ಈ ಸಲ ಫೈಲು ಮುಚ್ಚಲಿಲ್ಲ, ಅರ್ಜಿ ಬರೆಯುತ್ತಿದ್ದಾರೆ. ಏಪ್ರಿಲ್ ಮೊದಲ ವಾರ ಕಲ್ಯಾಣ ಕೋರ್ಟಿಗೆ. ಅಪ್ಪ ವಕಾಲತ್ತಿಗೆ ಸಹಿ ಹಾಕುವಾಗ ಎರಡು ಸಲ ಪೆನ್ ಕೆಳಗಿಟ್ಟರು. ಮೂರನೇ ಸಲಕ್ಕೆ ಹಾಕಿದರು.